ಊತ ಕಾಣುವ ಮೊದಲೇ ಏರುವ ತೂಕ

“ಅಪ್ಪನಿಗೆ ಹೃದಯ ವೈಫಲ್ಯವಿದೆ. ಕಾಲು ಊದಿಲ್ಲ, ಊಟವೂ ಕಡಿಮೆ, ಆದರೂ ದಿನವೂ ತೂಕ ನೋಡಬೇಕೇ?”

ದಯವಿಟ್ಟು ನೋಡಿ. ಕಣಕಾಲನ್ನು ಬೆರಳಿನಿಂದ ಒತ್ತಿದಾಗ ಗುಳಿ ಬೀಳುವ ಹೊತ್ತಿಗೆ ದೇಹದಲ್ಲಿ ಲೀಟರುಗಟ್ಟಲೆ ನೀರು ನಿಂತಿರುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಆದ್ದರಿಂದ ಅದು ಮೊದಲು ತೂಕದಲ್ಲೇ ಕಾಣುತ್ತದೆ. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ನಮ್ಮ ತಾಯಿಯವರ ತೂಕ ಮೂರು ದಿನಗಳಲ್ಲಿ 58.2ರಿಂದ 60.4 ಕಿಲೋಗೆ ಏರಿದಾಗ ಪಾದಗಳಲ್ಲಿ ಊತವಿರಲಿಲ್ಲ, ಆದರೆ ಮಲಗಿದರೆ ಏದುಸಿರು ಬರುತ್ತದೆಂದು ರಾತ್ರಿ ಇನ್ನೊಂದು ದಿಂಬು ಕೇಳಿದ್ದರು. ನೀರನ್ನು ಅಳೆದೇ ಕೊಡುತ್ತಿದ್ದೆವು. ಉಪ್ಪನ್ನು ಅಳೆದಿರಲಿಲ್ಲ, ನೀರನ್ನು ಹಿಡಿದಿಟ್ಟದ್ದು ಅದೇ. ಅಂದೇ ಕರೆ ಮಾಡಿದ್ದರಿಂದ ವೈದ್ಯರು ಮೂತ್ರವರ್ಧಕ ಮಾತ್ರೆಯ ಪ್ರಮಾಣವನ್ನು ಬದಲಿಸಿದರು, ಆಸ್ಪತ್ರೆಗೆ ಸೇರಿಸುವ ಪ್ರಮೇಯ ಬರಲಿಲ್ಲ.