ಕ್ಯೂಆರ್ ವ್ಯಾಪಾರಕ್ಕೂ ಬ್ಯಾಂಕ್ ಜಮೆಗೂ ತಾಳೆಯಾಗದಿದ್ದರೆ

"ದಿನದ ಕ್ಯೂಆರ್ ವ್ಯಾಪಾರಕ್ಕಿಂತ ಬ್ಯಾಂಕಿಗೆ ಕಡಿಮೆ ಬಂದರೆ, ಅಷ್ಟನ್ನು ಶುಲ್ಕ ಅಂತ ಹಿಡ್ಕೊಂಡಿದ್ದಾರೆ."

ಹಾಗೇನಿಲ್ಲ. ಬಹಳಷ್ಟು ಸಲ ವ್ಯತ್ಯಾಸಕ್ಕೆ ಕಾರಣ ಸಮಯ. ಕೆಲವು ಕ್ಯೂಆರ್‌ಗಳಲ್ಲಿ ಪ್ರತಿ ಪಾವತಿಯೂ ನೇರವಾಗಿ ಖಾತೆಗೆ ಬೀಳುತ್ತದೆ. ಇನ್ನು ಕೆಲವುದರಲ್ಲಿ ಸೇವಾ ಕಂಪನಿ ದಿನದ ಹಣವನ್ನು ಒಟ್ಟುಗೂಡಿಸಿ ಒಂದೇ ಮೊತ್ತವಾಗಿ ಕಳಿಸುತ್ತದೆ. ಅದಕ್ಕೊಂದು ಗಡುವಿನ ಸಮಯ ಇರುತ್ತದೆ, ಅದು ಅಂಗಡಿ ಮುಚ್ಚುವ ಹೊತ್ತೇ ಆಗಬೇಕಿಲ್ಲ ಅಲ್ವಾ?

ಇವತ್ತಿನ ವ್ಯಾಪಾರ 9,200 ಅಂದುಕೊಳ್ಳಿ. ಅದರಲ್ಲಿ 1,350 ಗಡುವು ದಾಟಿದ ಮೇಲೆ ಬಂದದ್ದು, ಅದು ಮುಂದಿನ ಕಂತಿಗೆ ಹೋಗುತ್ತದೆ. ನಿನ್ನೆ ಗಡುವಿನ ನಂತರ ಬಂದ 800 ಈ ಕಂತಿಗೆ ಸೇರುತ್ತದೆ. ಹಾಗಾಗಿ ಈ ಕಂತಿನಲ್ಲಿ ಬರಬೇಕಾದದ್ದು 9,200 ಅಲ್ಲ, 8,650. ಅಷ್ಟೇ ಜಮೆಯಾಗಿದ್ದರೆ ಏನೂ ಕಡಿತವಾಗಿಲ್ಲ.

8,630 ಬಂದಿದ್ದರೆ ಮಾತ್ರ ಆ 20ನ್ನು ಹುಡುಕಬೇಕು. ಆ್ಯಪ್‌ನ ಸೆಟಲ್‌ಮೆಂಟ್ ವರದಿ ತೆರೆಯಿರಿ (ಪಾವತಿಗಳ ಪಟ್ಟಿ ಸಾಲದು). ಒಟ್ಟು ಮೊತ್ತ, ಶುಲ್ಕ, ತೆರಿಗೆ, ಗ್ರಾಹಕರಿಗೆ ವಾಪಸ್ ಕೊಟ್ಟದ್ದು ಸಾಮಾನ್ಯವಾಗಿ ಅಲ್ಲಿ ಬೇರೆ ಬೇರೆಯಾಗಿ ಇರುತ್ತವೆ. ಶುಲ್ಕವೂ ಎಲ್ಲಕ್ಕೂ ಒಂದೇ ಅಲ್ಲ. ಗ್ರಾಹಕರು ಬ್ಯಾಂಕ್ ಖಾತೆಯಿಂದ ಕೊಟ್ಟರೋ ಕ್ರೆಡಿಟ್ ಕಾರ್ಡಿನಿಂದಲೋ ಅನ್ನುವುದರ ಮೇಲೆ ಬದಲಾಗಬಹುದು. ವರದಿಯಲ್ಲೂ ಕಾರಣ ಸಿಗದಿದ್ದರೆ, ಆ ಕಂತಿನ ಉಲ್ಲೇಖ ಸಂಖ್ಯೆ ಕೊಟ್ಟು ದೂರು ಹಾಕಿ.