ನೋಟಿಸಿನ ಒಟ್ಟು ಮೊತ್ತವನ್ನು ಬಿಡಿಸಿ ನೋಡಿದಾಗ

ನಮ್ಮ ಭಾವನವರ ಮನೆ ಸಾಲದಲ್ಲಿ ನವೆಂಬರ್ 5ರಿಂದ ಫೆಬ್ರವರಿ 5ರವರೆಗೆ ತಲಾ 20,000 ರೂಪಾಯಿಯ ನಾಲ್ಕು ಕಂತು ಬಾಕಿ ಉಳಿದಿದ್ದವು. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 13(2)ನೇ ಸೆಕ್ಷನ್ ಅಡಿ ಮಾರ್ಚ್ 5ರ ದಿನಾಂಕದ ಡಿಮ್ಯಾಂಡ್ ನೋಟಿಸ್ ಕೈಸೇರಿದಾಗ ಅವರು ಒಟ್ಟು ಮೊತ್ತವೊಂದನ್ನೇ ನೋಡಿ ಕಂಗಾಲಾದರು. ಸಾಲದ ಖಾತೆಯ ಸ್ಟೇಟ್‌ಮೆಂಟ್ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡದ ಹೊರತು ಆ ಮೊತ್ತವನ್ನು ಯಾರೂ ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಲದ ಕರಾರಿನಲ್ಲಿ ಬಾಕಿ ಕಂತಿನ ಮೇಲೆ ತಿಂಗಳಿಗೆ ಶೇ. 2ರ ದಂಡ ಶುಲ್ಕವಿತ್ತು. ಮಾರ್ಚ್ 5ಕ್ಕೆ ಮೊದಲ ಕಂತಿಗೆ ನಾಲ್ಕು ತಿಂಗಳು, ನಂತರದವುಗಳಿಗೆ ಮೂರು, ಎರಡು, ಒಂದು ತಿಂಗಳು ತುಂಬಿದ್ದರಿಂದ ದಂಡ 4,000 ರೂಪಾಯಿ ಆಗಬೇಕಿತ್ತು. ನೋಟಿಸಿನಲ್ಲಿ 4,081 ಇತ್ತು. ಪ್ರತಿ ತಿಂಗಳ ದಂಡವನ್ನು ಬಾಕಿಗೆ ಸೇರಿಸಿ, ಮರುತಿಂಗಳು ಅದರ ಮೇಲೂ ದಂಡ ಹಾಕಿದ್ದೇ ಇದಕ್ಕೆ ಕಾರಣ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ದಂಡ ಶುಲ್ಕವನ್ನು ಅಸಲಿಗೆ ಸೇರಿಸಬಾರದು, ಅದರ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕಬಾರದು ಎಂದಿದೆ. ವ್ಯತ್ಯಾಸ 81 ರೂಪಾಯಿಯೇ ಆದರೂ, ಲೆಕ್ಕದ ಕ್ರಮವೇ ತಪ್ಪಿದ್ದರೆ ಬಾಕಿ ಬೆಳೆದಂತೆ ತಪ್ಪೂ ಬೆಳೆಯುತ್ತದೆ. ಹಾಗೆಂದು ಬಾಕಿ ಕಂತಿನ ಮೇಲಿನ ಸಾಮಾನ್ಯ ಬಡ್ಡಿಯನ್ನು ಪ್ರಶ್ನಿಸುವಂತಿಲ್ಲ. ಅದು ಬೇರೆಯೇ ಲೆಕ್ಕ.

ಇನ್ನು ದಿನಾಂಕ. ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕ್ ಆ ಖಾತೆಯನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಗುರುತಿಸುತ್ತದೆ. ಖಾತೆ ಜನವರಿ 5ರಂದು ಎನ್‌ಪಿಎ ಆಯಿತೆಂದು ನೋಟಿಸ್ ಹೇಳುತ್ತಿತ್ತು. ನವೆಂಬರ್ 5ರ ಬಾಕಿಗೆ 90 ದಿನ ತುಂಬುವುದು ಫೆಬ್ರವರಿ 3ಕ್ಕೆ. ಅದಕ್ಕೂ ಹಿಂದಿನ ಯಾವುದಾದರೂ ಕಂತಿನಲ್ಲಿ ಚಿಲ್ಲರೆ ಬಾಕಿ ಉಳಿದಿದ್ದರೆ ಎಣಿಕೆ ಅಲ್ಲಿಂದಲೇ ಶುರುವಾಗುತ್ತದೆ, ಹಾಗಾಗಿ ಸ್ಟೇಟ್‌ಮೆಂಟನ್ನು ಇನ್ನೂ ಹಿಂದಕ್ಕೆ ಹೋಗಿ ನೋಡಿದೆವು; ಏನೂ ಇರಲಿಲ್ಲ. ನೋಟಿಸ್ ಫೆಬ್ರವರಿ 3ರ ನಂತರದ್ದಾದ್ದರಿಂದ ಈ ತಪ್ಪೊಂದರಿಂದಲೇ ಅದು ಬಿದ್ದುಹೋಗುತ್ತದೆ ಎಂದು ನಾನು ಭಾವಿಸಲಿಲ್ಲ. ಖಾತೆ ಎನ್‌ಪಿಎ ಆಗುವ ಮೊದಲೇ ಕಳುಹಿಸಿದ್ದರೆ ಮಾತು ಬೇರೆ.

ನೋಟಿಸಿನಲ್ಲಿ 60 ದಿನ ಎಂದಿದ್ದರೂ ಜೊತೆಗಿದ್ದ ಪತ್ರದಲ್ಲಿ ಏಪ್ರಿಲ್ 4ರೊಳಗೆ ಕಟ್ಟಬೇಕೆಂದಿತ್ತು, ಅಂದರೆ 30 ದಿನ. ಕಾಯ್ದೆ ಕೊಡುವುದು ನೋಟಿಸ್ ದಿನಾಂಕದಿಂದ 60 ದಿನ, ಅಂದರೆ ಮೇ 4ರವರೆಗೆ. ಅಂಚೆ ತಲುಪಿದ್ದು ಮಾರ್ಚ್ 14ಕ್ಕೆ, ಆದ್ದರಿಂದ ಲಕೋಟೆಯನ್ನೂ ಮುದ್ರೆ ಕಾಣುವಂತೆ ಎತ್ತಿಟ್ಟೆವು.

ಈ ಮೂರನ್ನೂ ಬರೆದು ಭಾವನವರು 13(3ಎ) ಅಡಿ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆದರು. ಬ್ಯಾಂಕ್ ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಆಕ್ಷೇಪಣೆ ಕೊಟ್ಟ ಮಾತ್ರಕ್ಕೆ 60 ದಿನದ ಎಣಿಕೆ ನಿಲ್ಲುವುದಿಲ್ಲವಾದ್ದರಿಂದ, ಕೈಲಾದಷ್ಟು ಹಣವನ್ನು ಅವರು ಅದೇ ದಿನ ಖಾತೆಗೆ ಕಟ್ಟಿದರು.