ಸ್ಪಷ್ಟನೆ: ಬ್ಯಾಂಡ್ ಕಿರಿದಾದರೆ ದಿಕ್ಕು ಗೊತ್ತಾಗುವುದಿಲ್ಲ

"ಬೋಲಿಂಜರ್ ಬ್ಯಾಂಡ್ ಪೂರ್ತಿ ಕಿರಿದಾಗಿದೆ, ಇನ್ನು ಮೇಲಕ್ಕೇ ಹಾರೋದು, ಇವತ್ತೇ ತಗೊಳ್ಳಿ."

ಶಿರಸಿಯ ನಮ್ಮ ಗುಂಪಿನಿಂದ ಕಾರವಾರದವರೆಗೂ ಓಡಾಡುತ್ತಿರುವ ಈ ಸಂದೇಶ ನಾನೇ ಬರೆದದ್ದು, ಆದರೆ ಅದು ತಪ್ಪು. ಬ್ಯಾಂಡಿನ ಗೆರೆಗಳು ಷೇರು ಬೆಲೆಯ 20 ದಿನದ ಸರಾಸರಿಯಿಂದ ಮೇಲೆ, ಕೆಳಗೆ ತಲಾ ಎರಡು ಪ್ರಮಾಣಿತ ವಿಚಲನೆಯಷ್ಟು ದೂರ ಇರುತ್ತವೆ. ಕಿರಿದಾದರೆ ಏರಿಳಿತ ತಗ್ಗಿದೆ ಎಂದಷ್ಟೇ ಅರ್ಥ. ಮುಂದೆ ದೊಡ್ಡ ಚಲನೆ ಬರಬಹುದು; ದಿಕ್ಕು ಆ ಲೆಕ್ಕದಲ್ಲೇ ಇಲ್ಲ.

ಸರಾಸರಿ 200, ವಿಚಲನೆ 2 ಎಂದಿಟ್ಟುಕೊಳ್ಳಿ: ಗೆರೆಗಳು 196 ಮತ್ತು 204. ಬೆಲೆ ಮಧ್ಯಾಹ್ನ 205 ಮುಟ್ಟಿ ಸಂಜೆ 202ಕ್ಕೆ ಮುಗಿದರೆ ಅದು ಬ್ರೇಕೌಟ್ ಅಲ್ಲ. (ನಾನು ಏಮಾರಿದ್ದು ಇಲ್ಲೇ.) ದಿನದ ಮುಕ್ತಾಯ ಗೆರೆಯ ಹೊರಗಿರಬೇಕು, ಬ್ಯಾಂಡ್ ಅಗಲವಾಗತೊಡಗಬೇಕು. 196ರ ಕೆಳಗೂ ಇದೇ ನಿಯಮ. ಆಮೇಲೂ ಬೆಲೆ ಒಳಗೆ ಮರಳುವುದುಂಟು, ಸ್ಟಾಪ್‌ಲಾಸ್ ಇರಲಿ.

ಹಳೆಯ ಸಂದೇಶ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.